ಕಚ್ಚಾ ಮಾಲಿನವರನ್ನು 45 ದಿನ ಕಾಯಿಸಿದರೆ ಬ್ಯಾಂಕ್ ಓಡಿ ಹಗುರವಾಗುತ್ತಾ?

*ಮೈಸೂರಿನಲ್ಲಿ ನನ್ನದು ಸಣ್ಣ ಅಗರಬತ್ತಿ ಕಾರ್ಖಾನೆ. ದೀಪಾವಳಿ ಮಾಲಿಗೆ ಬ್ಯಾಂಕಿನ ಓವರ್‌ಡ್ರಾಫ್ಟ್, ಅಂದರೆ ಓಡಿ, ಸಾಲುತ್ತಿಲ್ಲ. ಕಚ್ಚಾ ಮಾಲಿನವರಿಗೆ 30 ದಿನಕ್ಕೆ ಕೊಡುವ ದುಡ್ಡನ್ನು 45ಕ್ಕೆ ಎಳೆದರೆ ಎಷ್ಟು ಉಳಿಯುತ್ತದೆ? – ಓದುಗರು, ಬನ್ನಿಮಂಟಪ*

ನೀವು ಕಳಿಸಿದ ಅಂಕಿಗಳನ್ನೇ ಇಟ್ಟುಕೊಳ್ಳೋಣ. ಗೋದಾಮಿನಲ್ಲಿ 9 ಲಕ್ಷದ ಮಾಲು, ತಯಾರಿಕೆ ವೆಚ್ಚ ದಿನಕ್ಕೆ 20,000, ಅಂದರೆ ಮಾಲು 45 ದಿನ ಕೂರುತ್ತದೆ. ಡೀಲರುಗಳಿಂದ ಬರಬೇಕಾದ್ದು 15 ಲಕ್ಷ, ಮಾರಾಟ ದಿನಕ್ಕೆ 25,000, ಹಾಗಾಗಿ 60 ದಿನ. ನೀವು ಕೊಡಬೇಕಾದ್ದು 4.5 ಲಕ್ಷ, ಉದ್ದರಿ ಖರೀದಿ ದಿನಕ್ಕೆ 15,000, ಅದು 30 ದಿನ. 45ಕ್ಕೆ 60 ಕೂಡಿಸಿ 30 ಕಳೆದರೆ 75. ಇದೇ ನಿಮ್ಮ ನಗದು ಚಕ್ರ, ಅಂದರೆ ಕೈಯಿಂದ ಹೋದ ದುಡ್ಡು ವಾಪಸ್ ಬರಲು ಹಿಡಿಯುವ ದಿನ.

ಇಲ್ಲಿ ತುಂಬಾ ಜನ ಎಡವುತ್ತಾರೆ. 75ನ್ನು ದಿನದ ಮಾರಾಟದಿಂದ ಗುಣಿಸಿ ಇಷ್ಟು ದುಡ್ಡು ಬೇಕು ಅಂದುಬಿಡುತ್ತಾರೆ. ಮೂರು ದಿನಗಣನೆಗೂ ದಿನದ ಬೆಲೆ ಬೇರೆ ಬೇರೆ ಅಲ್ವಾ? ನೇರವಾಗಿ 9 ಪ್ಲಸ್ 15 ಮೈನಸ್ 4.5 ಮಾಡಿ: 19.5 ಲಕ್ಷ. ಪಾವತಿಯನ್ನು 15 ದಿನ ಎಳೆದರೆ ಚಕ್ರ 60ಕ್ಕೆ ಇಳಿಯುತ್ತದೆ, ಆದರೆ ಉಳಿಯುವುದು 15 ದಿನದ ಖರೀದಿ ಮಾತ್ರ, 2.25 ಲಕ್ಷ. ಅದೂ ಒಂದೇ ಸಲ, ತಿಂಗಳು ತಿಂಗಳು ಅಲ್ಲ.

ಈಗ ಬ್ಯಾಂಕಿನ ಕಡೆ ಬನ್ನಿ. ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತೀರಲ್ಲ, ಅದರಲ್ಲಿ ದುಡ್ಡು ಕೊಡದ ಮಾಲನ್ನು ಬ್ಯಾಂಕು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಾರ್ಜಿನ್, ಅಂದರೆ ಬ್ಯಾಂಕು ಸಾಲ ಕೊಡದೆ ನಿಮ್ಮ ಪಾಲಿಗೆ ಬಿಡುವ ಭಾಗ, 25% ಅಂತಿಟ್ಟುಕೊಂಡರೆ, ಇವತ್ತು 9ರಲ್ಲಿ 4.5 ಕಳೆದು, ಉಳಿದದ್ದರ ಮೇಲೆ ಸುಮಾರು 3.38 ಲಕ್ಷ ಡ್ರಾಯಿಂಗ್ ಪವರ್, ಅಂದರೆ ಓಡಿಯಿಂದ ತೆಗೆಯಬಹುದಾದ ಮಿತಿ, ಸಿಗುತ್ತದೆ. 45 ದಿನಕ್ಕೆ ಎಳೆದಾಗ ಬಾಕಿ 6.75 ಲಕ್ಷವಾಗಿ, ಅದು 1.69ಕ್ಕೆ ಇಳಿಯುತ್ತದೆ. ಒಂದು ಕೈಯಲ್ಲಿ 2.25 ಬಂತು, ಇನ್ನೊಂದು ಕೈಯಿಂದ 1.69 ಹೋಯಿತು. ಓಡಿ ಬಡ್ಡಿ ಕಡಿಮೆಯಾಗುತ್ತದೆ, ನಿಜ. ಆದರೆ ಡ್ರಾಯಿಂಗ್ ಪವರ್‌ಗೆ ತಾಗಿಕೊಂಡೇ ಓಡಿ ಓಡಿಸುವವರಿಗೆ ಹೊಸ ಮಾಲು ತರಲು ಸಿಗುವ ಜಾಗ ಬರೀ 56 ಸಾವಿರ!

ಇನ್ನೊಂದು ವಿಷಯ. ಕಡ್ಡಿ, ಪುಡಿ ಮಾಡಿಕೊಡುವವರು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಬರಹದ ಒಪ್ಪಂದ ಇದ್ದರೂ ಗಡುವು ಹೆಚ್ಚೆಂದರೆ 45 ದಿನ. ಒಪ್ಪಂದ ಇಲ್ಲದಿದ್ದರೆ 15 ದಿನ ಅಷ್ಟೇ. ಬಾಯಿಮಾತಿನ ಉದ್ದರಿ ಇದ್ದವರು ಈಗಲೇ ಗಡುವು ಮೀರಿದ್ದೀರಿ. ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಓಡಿ ಬಡ್ಡಿಗಿಂತ ಅದೇ ದುಬಾರಿ.

ನನ್ನನ್ನು ಕೇಳಿದರೆ, ಡೀಲರುಗಳ ಪಟ್ಟಿಯನ್ನು ಹಳೇ ಬಿಲ್ಲಿನಿಂದ ಶುರುಮಾಡಿ ನೋಡಿ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಗೆ ಬ್ಯಾಂಕು ಡ್ರಾಯಿಂಗ್ ಪವರ್ ಕೊಡುವುದಿಲ್ಲ. ಹಾಗಾಗಿ ಅದರಲ್ಲಿ ಒಂದು ಲಕ್ಷ ವಸೂಲಾದರೆ ಪೂರ್ತಿ ಒಂದು ಲಕ್ಷವೂ ನಿಮ್ಮ ದೀಪಾವಳಿ ಮಾಲಿಗೇ ಸಿಗುತ್ತದೆ.