ಬಸ್ಸು ತುಂಬಿತು ಸರಿ, ಲೆಕ್ಕ ಯಾಕೆ ಇಳಿಯಿತು?

*"ನಾನು ಲ್ಯಾಬ್ ಟೆಕ್ನೀಷಿಯನ್. ಹುಕ್ ಎಫೆಕ್ಟ್ ಬಗ್ಗೆ ಲೇಖನ ಕಳಿಸಿದ್ದೇನೆ. ಹಾರ್ಮೋನು ವಿಪರೀತ ಇದ್ದರೆ, ಜನ ತುಂಬಿದ ಬಸ್ಸಿನ ಹಾಗೆ ಆ್ಯಂಟಿಬಾಡಿಗಳೂ ತುಂಬಿಹೋಗುತ್ತವೆ, ಅದಕ್ಕೇ ರಿಪೋರ್ಟ್ ಕಡಿಮೆ ಬರುತ್ತದೆ ಎಂದು ಬರೆದಿದ್ದೇನೆ. ಪ್ರಕಟಣೆಗೆ ಆಗುತ್ತದೆಯೇ? ಮುಚ್ಚುಮರೆಯಿಲ್ಲದೆ ಹೇಳಿ."*

ಈಗಿರುವ ರೂಪದಲ್ಲಿ ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ತೊಂದರೆ ಇರುವುದು ಆ ಬಸ್ಸಿನಲ್ಲಿ. ಬಸ್ಸು ತುಂಬಿದರೆ ಲೆಕ್ಕ ಅಲ್ಲಿಗೇ ನಿಲ್ಲಬೇಕು, ಅಲ್ವಾ? ನಲವತ್ತು ಸೀಟಿಗೆ ನಲವತ್ತು ಜನ, ಮುಂದೆ ಏರುವುದಿಲ್ಲ. ಆದರೆ ಹುಕ್ ಎಫೆಕ್ಟ್‌ನಲ್ಲಿ ಲೆಕ್ಕ ನಿಲ್ಲುವುದಿಲ್ಲ, ಇಳಿಯುತ್ತದೆ. ಗ್ರಾಫ್ ಮೇಲೇರಿ ಕೊಕ್ಕೆಯ ಹಾಗೆ ಕೆಳಕ್ಕೆ ಬಾಗುತ್ತದೆ. ಆ ಇಳಿತಕ್ಕೆ ನಿಮ್ಮ ಲೇಖನದಲ್ಲಿ ಕಾರಣವೇ ಇಲ್ಲ.

ಬಸ್ಸನ್ನು ಬಿಡಬೇಡಿ, ಟಿಕೆಟ್ ಸೇರಿಸಿ. ಹಾರ್ಮೋನು ಅಳೆಯುವ ಸ್ಯಾಂಡ್‌ವಿಚ್ ಪರೀಕ್ಷೆಯಲ್ಲಿ ಆ್ಯಂಟಿಬಾಡಿ ಎರಡು ಬಗೆ. ಒಂದು ಗಟ್ಟಿಯಾಗಿ ಅಂಟಿಕೊಂಡಿದ್ದು ಹಾರ್ಮೋನನ್ನು ಹಿಡಿಯುತ್ತದೆ. ಅದು ಸೀಟು. ಇನ್ನೊಂದು ಬೆಳಕು ಕೊಡುವ ಗುರುತು ಹೊತ್ತು ದ್ರವದಲ್ಲಿ ಓಡಾಡುತ್ತಿರುತ್ತದೆ, ಅದೇ ಹಾರ್ಮೋನಿನ ಬೇರೊಂದು ಕಡೆ ಹಿಡಿಯುತ್ತದೆ. ಅದು ಟಿಕೆಟ್. ಕೊನೆಗೆ ತೊಳೆಯುತ್ತಾರೆ. ಸೀಟು ಸಿಗದವರು ಟಿಕೆಟ್ ಸಮೇತ ಚರಂಡಿಗೆ. ಯಂತ್ರ ಚೆಕಿಂಗ್ ಇನ್ಸ್‌ಪೆಕ್ಟರ್ ಇದ್ದ ಹಾಗೆ: ಸೀಟಿನಲ್ಲಿ ಕೂತು ಕೈಯಲ್ಲಿ ಟಿಕೆಟ್ ಇರುವವರನ್ನು ಮಾತ್ರ ಎಣಿಸುತ್ತದೆ.

ಈಗ 40 ಸೀಟು, 40 ಟಿಕೆಟ್ ಇಟ್ಟುಕೊಳ್ಳಿ. 4 ಜನ ಬಂದರೆ ಲೆಕ್ಕ 4. 40 ಜನ ಬಂದರೆ 40. 400 ಜನ ನುಗ್ಗಿದರೆ? 40 ಜನ ಕೂರುತ್ತಾರೆ. ಟಿಕೆಟ್ ಮಾತ್ರ 400 ಜನರ ನಡುವೆ ಹಂಚಿಹೋಗುತ್ತದೆ, ಹತ್ತರಲ್ಲಿ ಒಬ್ಬನಿಗೆ. ಅಂದರೆ ಕೂತವರಲ್ಲಿ ಟಿಕೆಟ್ ಇರುವವರು ಸುಮಾರು 4. ಇನ್ಸ್‌ಪೆಕ್ಟರ್ ಬರೆದುಕೊಂಡ 4 ನಾಲ್ಕೇ ಜನರದ್ದೋ, 400 ಜನರದ್ದೋ? ಆ ಸಂಖ್ಯೆ ನೋಡಿದರೆ ಗೊತ್ತಾಗುವುದಿಲ್ಲ. ಲೇಖನದ ಜೀವ ಇಲ್ಲಿದೆ, ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ನಿಮ್ಮ ರೋಗಿಯ ಕಥೆಯನ್ನೂ ಅವಸರದಲ್ಲಿ ಮುಗಿಸಿದ್ದೀರಿ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ 5 ಸೆಂ.ಮೀ. ಗಡ್ಡೆ, ಆ ಗ್ರಂಥಿಯ ಹಾರ್ಮೋನು ಪ್ರೊಲ್ಯಾಕ್ಟಿನ್ ಮಿಲಿಲೀಟರಿಗೆ 80 ನ್ಯಾನೊಗ್ರಾಂ. "ಇಷ್ಟು ಕಡಿಮೆ ಬಂದದ್ದು ಅನುಮಾನ ಹುಟ್ಟಿಸಿತು" ಎನ್ನುತ್ತೀರಿ. ನಿಜಕ್ಕೂ 80 ಅನುಮಾನ ಹುಟ್ಟಿಸುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಮಾಮೂಲಿ ಮಟ್ಟ 20–25ರ ಒಳಗೆ, ಹಾಗಾಗಿ 80 ಸ್ವಲ್ಪ ಜಾಸ್ತಿ. ಪ್ರೊಲ್ಯಾಕ್ಟಿನ್ ತಯಾರಿಸದ ಗಡ್ಡೆಯೂ ಪಿಟ್ಯುಟರಿಯ ಕಾಂಡವನ್ನು ಒತ್ತಿದರೆ, ಮೆದುಳಿನಿಂದ ಇಳಿಯುವ ಡೋಪಮೈನ್‌ನ ಕಡಿವಾಣ ತಪ್ಪಿ ಇಷ್ಟು ಏರುತ್ತದೆ. ವೈದ್ಯರು ಹಾಗೇ ಅಂದುಕೊಂಡರೆ ರೋಗಿ ಆಪರೇಷನ್‌ಗೆ ಹೋಗುತ್ತಾನೆ. ಅದು ಪ್ರೊಲ್ಯಾಕ್ಟಿನ್ ಗಡ್ಡೆಯೇ ಆಗಿದ್ದರೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಕ್ಯಾಬರ್ಗೊಲಿನ್ ಮಾತ್ರೆ, ಬಹಳ ಸಲ ಅದರಲ್ಲೇ ಗಡ್ಡೆ ಕುಗ್ಗುತ್ತದೆ. ಆದ್ದರಿಂದ ಅನುಮಾನ ಬರಬೇಕಾದ್ದು 80 ನೋಡಿ ಅಲ್ಲ. ಅಷ್ಟು ದೊಡ್ಡ ಗಡ್ಡೆಗೆ ಬರೀ 80 ಎಂಬ ಹೊಂದಾಣಿಕೆ ಇಲ್ಲದ ಜೋಡಿ ನೋಡಿ. ಸ್ಕ್ಯಾನ್ ವಿಷಯ ಯಾರೂ ಹೇಳದಿದ್ದರೆ ಲ್ಯಾಬಿನವರಿಗೆ ಅದು ಹೊಳೆಯುವುದೂ ಇಲ್ಲ. ಇದನ್ನು ಬರೆಯಿರಿ, ನೀವು ಕಂಡ ವಿಷಯ ತಾನೇ?

"ಡೈಲ್ಯೂಷನ್ ಮಾಡಿದಾಗ ಸತ್ಯ ಬಯಲಾಯಿತು" ಅನ್ನುವ ಸಾಲು ಸಿನಿಮಾ ಡೈಲಾಗ್ ಹಾಗಿದೆ, ತೆಗೆಯಿರಿ. ನಿಮ್ಮ ಟಿಪ್ಪಣಿಯಲ್ಲಿರುವ ಅಂಕಿ ಸಾಕು. ಸೀರಮ್ಮನ್ನು ನೂರು ಪಟ್ಟು ತೆಳು ಮಾಡಿದಿರಿ, ಅಂದರೆ ಬಸ್ಸಿಗೆ ನುಗ್ಗುವ ಜನರನ್ನು ಕಡಿಮೆ ಮಾಡಿದಿರಿ. ಮೊದಲ 80 ನಿಜವಾಗಿದ್ದರೆ ಈಗ 0.8 ಬರಬೇಕಿತ್ತು. ಬಂದದ್ದು 150. ನೂರರಿಂದ ಗುಣಿಸಿದರೆ 15,000. ಸಾವಿರ ಪಟ್ಟು ತೆಳು ಮಾಡಿದಾಗ 15 ಬಂತು, ಗುಣಿಸಿದರೆ ಮತ್ತೆ 15,000. ಎರಡು ಡೈಲ್ಯೂಷನ್ ಒಂದೇ ಉತ್ತರಕ್ಕೆ ಬಂದವು, ಹಾಗಾಗಿ ನಂಬಬಹುದು. ಈ ಎರಡನೆಯದನ್ನು ನೀವು ಲೇಖನದಲ್ಲಿ ಬಿಟ್ಟೇಬಿಟ್ಟಿದ್ದೀರಿ!

"ಎಲ್ಲ ಹಾರ್ಮೋನ್ ಪರೀಕ್ಷೆಯಲ್ಲೂ ಹೀಗಾಗಬಹುದು" ಎಂಬ ಸಾಲು ತಪ್ಪು, ಹೊಡೆದುಹಾಕಿ. ಟಿ4, ಕಾರ್ಟಿಸಾಲ್‌ನಂಥ ಪುಟ್ಟ ಅಣುಗಳಿಗೆ ಸಾಮಾನ್ಯವಾಗಿ ಸ್ಯಾಂಡ್‌ವಿಚ್ ವಿಧಾನ ಬಳಸುವುದಿಲ್ಲ. ಸ್ಯಾಂಡ್‌ವಿಚ್‌ನಲ್ಲೂ, ಮೊದಲು ಕೂರಿಸಿ, ತೊಳೆದು, ಆಮೇಲೆ ಟಿಕೆಟ್ ಕೊಡುವ ಎರಡು ಹಂತದ ವಿಧಾನದಲ್ಲಿ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹೊರಗಿನವರು ಆಗಲೇ ಹೋಗಿರುತ್ತಾರಲ್ಲ. ಲೆಕ್ಕ ಮೇಲ್ಮಟ್ಟದಲ್ಲಿ ನಿಲ್ಲುತ್ತದೆ, ಯಂತ್ರವೇ "ಮಿತಿ ಮೀರಿದೆ" ಎನ್ನುತ್ತದೆ. ಹುಕ್ ಎಫೆಕ್ಟ್ ಶುರುವಾಗುವ ಮಟ್ಟ ಈಗಿನ ಕಿಟ್‌ಗಳಲ್ಲಿ ಹಳೆಯವಕ್ಕಿಂತ ಬಹಳ ಮೇಲಿದೆ. ಎಷ್ಟೆಂದು ಕಿಟ್ ಜೊತೆ ಬರುವ ಹಾಳೆಯಲ್ಲೇ ಇರುತ್ತದೆ. ನಿಮ್ಮ ಲ್ಯಾಬಿನ ಹಾಳೆ ತೆಗೆದು ನೋಡಿ, ಆ ಅಂಕಿಯನ್ನೂ ಸೇರಿಸಿ.

"ಯಂತ್ರಗಳನ್ನು ನಂಬಬಹುದೇ?" ಎಂಬ ಶೀರ್ಷಿಕೆ ಬೇಡ. ಇಲ್ಲಿ ಯಂತ್ರ ತನ್ನ ಎಣಿಕೆ ಸರಿಯಾಗಿಯೇ ಮಾಡಿದೆ. ಗ್ರಾಫನ್ನು ಕೈಯಲ್ಲೇ ಬರೆದು ಕಳಿಸಿ, ನಮ್ಮ ಕಲಾವಿದರು ತಿದ್ದುತ್ತಾರೆ. ಎಂಟುನೂರು ಪದ ದಾಟಬೇಡಿ.