ಮಗಳ ಮುಖ ಮಸುಕು ಮಾಡಿದರೆ ಸಾಕೇ?

ಪ್ರಶ್ನೆ: ಮನೆಯ ದಿನಚರಿಯ ವಿಡಿಯೊಗಳನ್ನು ಯೂಟ್ಯೂಬ್‌ಗೆ ಹಾಕುತ್ತೇನೆ. ಎಂಟು ವರ್ಷದ ಮಗಳೂ ಅತ್ತೆಯವರೂ ಆಗಾಗ ಕಾಣಿಸಿಕೊಳ್ಳುತ್ತಾರೆ. ಮಗಳ ಮುಖ ಮಸುಕು ಮಾಡಿದರೆ ಸಾಕೇ? ಹಳೆಯ ವಿಡಿಯೊಗಳನ್ನು ಏನು ಮಾಡಲಿ?

ಸಾಲದು. ಮುಖಕ್ಕಿಂತ ಮೊದಲು ಮರೆಮಾಡಬೇಕಾದವು ಬೇರೆಯೇ ಇವೆ. ಇದು ನನಗೆ ಗೊತ್ತಾದದ್ದು ಅಪರಿಚಿತ ವೀಕ್ಷಕಿಯೊಬ್ಬರ ಸಂದೇಶದಿಂದ.

ನನ್ನದು ಮರಗೆಲಸದ ಚಾನೆಲ್. ಮಗನಿಗೆ ಆಗ ಒಂಬತ್ತು ವರ್ಷ. ಅವನ ಕೈಗಳನ್ನೋ ಬೆನ್ನನ್ನೋ ಮಾತ್ರ ತೋರಿಸುತ್ತಿದ್ದೆ, ಅಷ್ಟಕ್ಕೇ ನಾನು ಜಾಗರೂಕ ಅಪ್ಪ ಎಂದು ಬೀಗುತ್ತಿದ್ದೆ. ಆಕೆ ಬರೆದದ್ದು ಇಷ್ಟು: ‘ನಿಮ್ಮ ಮಗ ಯಾವ ಶಾಲೆಯಲ್ಲಿ, ಎಷ್ಟನೇ ತರಗತಿಯಲ್ಲಿ ಓದುತ್ತಾನೆ, ಯಾವ ದಿನ ಒಬ್ಬನೇ ನಡೆದು ಬರುತ್ತಾನೆ ಎಂಬುದೆಲ್ಲ ನಿಮ್ಮ ನಾಲ್ಕು ವಿಡಿಯೊಗಳಿಂದ ನನಗೆ ತಿಳಿಯಿತು. ನಾನೂ ಒಬ್ಬ ತಾಯಿ. ದಯವಿಟ್ಟು ಸರಿಪಡಿಸಿ.’ ಕೆಳಗೆ ಆ ನಾಲ್ಕರ ಹೆಸರು, ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಎಂಬುದನ್ನೂ ಕೊಟ್ಟಿದ್ದರು.

ಒಂದೊಂದಾಗಿ ತೆರೆದು ನೋಡಿದೆ. ಪುಸ್ತಕದ ಕಪಾಟು ಮಾಡುವ ವಿಡಿಯೊದಲ್ಲಿ ನನ್ನ ಹಿಂದಿನ ಗೋಡೆಯ ಮೊಳೆಗೆ ಗುರುತಿನ ಚೀಟಿ ನೇತುಹಾಕಿತ್ತು. ಚೀಟಿ ಮಗುಚಿಕೊಂಡಿತ್ತು, ನಿಜ. ಆದರೆ ಅದರ ಪಟ್ಟಿಯ ಮೇಲೆ ಶಾಲೆಯ ಹೆಸರು ಉದ್ದಕ್ಕೂ ಅಚ್ಚಾಗಿತ್ತು. ಕಂಡದ್ದು ಎರಡೇ ಸೆಕೆಂಡು, ಆದರೆ ನಾನು ಚಿತ್ರೀಕರಿಸಿದ್ದು ಫೋರ್‌ಕೆಯಲ್ಲಿ. ನಿಲ್ಲಿಸಿ ಹಿಗ್ಗಿಸಿದರೆ ಅಕ್ಷರ ಅಕ್ಷರವೂ ಓದಲು ಬರುತ್ತಿತ್ತು. ಎರಡನೆಯದರಲ್ಲಿ ಮೇಜಿನ ಮೇಲೆ ನೋಟ್‌ಬುಕ್, ಅದರ ಲೇಬಲ್ಲಿನಲ್ಲಿ ತರಗತಿ ಮತ್ತು ವಿಭಾಗ. ಮೂರನೆಯದರಲ್ಲಿ ಏನೂ ಕಾಣುವುದಿಲ್ಲ, ಕೇಳಿಸುತ್ತದೆ. ಪಕ್ಕದ ಕೋಣೆಯಿಂದ ನನ್ನ ಹೆಂಡತಿ ಹೇಳುತ್ತಾಳೆ: ‘ಇವತ್ತು ಬುಧವಾರ, ಅವನಿಗೆ ಚೆಸ್ ಇದೆ. ವ್ಯಾನ್ ಸಿಗುವುದಿಲ್ಲ, ಐದು ಗಂಟೆಗೆ ಒಬ್ಬನೇ ಬರುತ್ತಾನೆ.’ ಗರಗಸದ ಸದ್ದಿನಲ್ಲಿ ನನಗೇ ಅದು ಕೇಳಿಸಿರಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಕೇಳಿದಾಗ ಮಾತ್ರ ಆ ಮಾತು ಸ್ಪಷ್ಟವಾಗಿತ್ತು. ನಾಲ್ಕನೆಯದು ಅವನ ಹುಟ್ಟುಹಬ್ಬದ ದಿನವೇ ಪ್ರಕಟಿಸಿದ ವಿಡಿಯೊ. ‘ಇವತ್ತಿಗೆ ಒಂಬತ್ತು ತುಂಬಿತು’ ಎಂದು ನಾನೇ ಖುಷಿಯಿಂದ ಹೇಳಿದ್ದೆ. ಪ್ರಕಟಣೆಯ ದಿನಾಂಕವನ್ನು ಯೂಟ್ಯೂಬ್ ಎಲ್ಲರಿಗೂ ತೋರಿಸುತ್ತದೆ. ಒಂಬತ್ತು ಕಳೆದರೆ ಜನ್ಮದಿನಾಂಕ ಸಿಕ್ಕಿತು. ಶಾಲೆ ಬದಲಾದೀತು, ಚೆಸ್ ತರಗತಿಯೂ ನಿಂತೀತು. ಜನ್ಮದಿನಾಂಕ ಬದಲಾಗುವುದಿಲ್ಲ. ಮುಂದೆ ಅವನ ಹೆಸರಿನಲ್ಲಿ ಖಾತೆ ತೆರೆಯಲು ಹೊರಟ ಮೋಸಗಾರನಿಗೂ ಅದೇ ಬೇಕು.

ಒಂದೊಂದು ವಿಡಿಯೊವನ್ನೂ ಹಾಕುವ ಮುನ್ನ ನಾನು ನೋಡಿದ್ದೆ, ಯಾವುದರಲ್ಲೂ ತಪ್ಪು ಕಂಡಿರಲಿಲ್ಲ. ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡುವವರು ಇರಬಹುದೆಂದು ಹೊಳೆದೇ ಇರಲಿಲ್ಲ.

ಈಗ ಪ್ರತಿಯೊಂದನ್ನೂ ಮೂರು ಸಲ ಪರಿಶೀಲಿಸುತ್ತೇನೆ. ಮೊದಲು ಸದ್ದಡಗಿಸಿ, ಹಿನ್ನೆಲೆಯನ್ನು ಮಾತ್ರ ನೋಡುತ್ತೇನೆ: ಸಮವಸ್ತ್ರದ ಲಾಂಛನ, ವೇಳಾಪಟ್ಟಿ, ಕನ್ನಡಿ ಮತ್ತು ಗಾಜಿನ ಪ್ರತಿಬಿಂಬ, ಕಿಟಕಿಯಾಚೆ ಕಾಣುವ ಕಟ್ಟಡ. ಎರಡನೆಯ ಸಲ ಕಣ್ಣು ಮುಚ್ಚಿ ಇಯರ್‌ಫೋನಿನಲ್ಲಿ ಕೇಳುತ್ತೇನೆ. ಮೂರನೆಯ ಸಲ ಶೀರ್ಷಿಕೆ, ವಿವರಣೆ, ಥಂಬ್‌ನೇಲ್, ಅಡಿಬರಹಗಳನ್ನು ಓದುತ್ತೇನೆ. ಮಗಳ ಹೆಸರು ಶೀರ್ಷಿಕೆಯಲ್ಲಿ ಬೇಡವೇ ಬೇಡ. ಮಾತಿನಲ್ಲಿ ಬಂದ ಹೆಸರನ್ನು ಯಾರೋ ಕುಳಿತು ಕೇಳಬೇಕು, ಶೀರ್ಷಿಕೆಯಲ್ಲಿರುವ ಹೆಸರನ್ನು ಹುಡುಕಾಟ ಯಂತ್ರ ಕ್ಷಣದಲ್ಲಿ ತಂದುಕೊಡುತ್ತದೆ. ಹತ್ತು ವರ್ಷದ ಬಳಿಕ ಅವಳ ಸಹಪಾಠಿಗಳು ಹುಡುಕುವುದು ಹೆಸರಿನಿಂದಲೇ. ಹಾಗೆಯೇ, ಎಲ್ಲಿಗೆ ಹೋದರೂ ಹಿಂತಿರುಗಿದ ಮೇಲೆಯೇ ವಿಡಿಯೊ ಹಾಕಿ. ಮಗು ಇರುವಾಗ ನೇರಪ್ರಸಾರ ಮಾಡಬೇಡಿ. ಬಾಯ್ತಪ್ಪಿ ಬಂದದ್ದನ್ನು ಕತ್ತರಿಸುವ ಅವಕಾಶ ಅಲ್ಲಿ ಇರುವುದಿಲ್ಲ.

ಹಳೆಯವುಗಳ ವಿಷಯಕ್ಕೆ ಬರೋಣ. ಎಲ್ಲವನ್ನೂ ಅಳಿಸಬೇಕಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ವಿಡಿಯೊ ತೆರೆದು Editor ಒಳಗೆ ಹೋದರೆ ಬೇಡದ ಭಾಗವನ್ನು ಕತ್ತರಿಸಬಹುದು, Custom blur ಬಳಸಿ ಲಾಂಛನವನ್ನೋ ಲೇಬಲ್ಲನ್ನೋ ಮಸುಕಾಗಿಸಬಹುದು. ಕೊಂಡಿ, ವೀಕ್ಷಣೆಗಳ ಎಣಿಕೆ, ಕಮೆಂಟ್‌ಗಳು ಹಾಗೇ ಉಳಿಯುತ್ತವೆ. ಆದರೆ ಹೊಸ ರೂಪ ಸಿದ್ಧವಾಗಲು ಗಂಟೆಗಟ್ಟಲೆ ಹಿಡಿಯಬಹುದು, ಅಲ್ಲಿಯವರೆಗೆ ಜನ ನೋಡುವುದು ಹಳೆಯದನ್ನೇ. ಅದಕ್ಕಾಗಿ ಮೊದಲು ವಿಡಿಯೊವನ್ನು Private ಮಾಡಿ, ಕೆಲಸ ಮುಗಿದ ಮೇಲೆ ತೆರೆಯಿರಿ. Unlisted ಮಾಡಿದರೆ ಪ್ರಯೋಜನವಿಲ್ಲ, ಕೊಂಡಿ ಇರುವ ಯಾರಾದರೂ ಅದನ್ನು ನೋಡಬಹುದು. ಥಂಬ್‌ನೇಲನ್ನು ಬೇರೆಯಾಗಿಯೇ ಬದಲಿಸಬೇಕು. ಇದನ್ನು ಮರೆತು ನಾನು ಒಳಗೆ ಮಸುಕಾಗಿಸಿದ ಲಾಂಛನವನ್ನು ಹೊರಗೆ ಒಂದು ವಾರ ಪ್ರದರ್ಶನಕ್ಕಿಟ್ಟಿದ್ದೆ.

ಬೇರೆಯವರು ಇಳಿಸಿಕೊಂಡು ಮತ್ತೆ ಹಾಕಿದ ಪ್ರತಿಗೆ ಈ ಯಾವ ತಿದ್ದುಪಡಿಯೂ ತಲುಪುವುದಿಲ್ಲ. ಅಂಥದು ಕಂಡರೆ ಎರಡು ದಾರಿ ಇವೆ. ಚಿತ್ರೀಕರಿಸಿದವರು ನೀವೇ ಆದ್ದರಿಂದ ಕೃತಿಸ್ವಾಮ್ಯದ ಆಧಾರದಲ್ಲಿ ತೆಗೆಸಬಹುದು. ಇಲ್ಲವೇ ಖಾಸಗಿತನದ ದೂರು ಕೊಡಬಹುದು. ಆಗ ಯೂಟ್ಯೂಬ್ ಸಾಮಾನ್ಯವಾಗಿ ಹಾಕಿದವರಿಗೆ ತೆಗೆಯಲು ಅಥವಾ ತಿದ್ದಲು 48 ಗಂಟೆ ಕಾಲಾವಕಾಶ ಕೊಟ್ಟು, ನಂತರ ತಾನೇ ಪರಿಶೀಲಿಸುತ್ತದೆ. ಗೂಗಲ್ ಹುಡುಕಾಟದಲ್ಲಿ ಬರುವ ಚಿತ್ರಗಳನ್ನು ತೆಗೆಸುವಂತೆ 18 ವರ್ಷದೊಳಗಿನವರು ಅಥವಾ ಅವರ ಪೋಷಕರು ಕೇಳಬಹುದು. ಅಲ್ಲಿಂದ ಹೋದರೂ ಮೂಲ ಜಾಲತಾಣದಲ್ಲಿ ಚಿತ್ರ ಇದ್ದೇ ಇರುತ್ತದೆ ಎಂಬುದು ನೆನಪಿರಲಿ.

ಇನ್ನು ಒಪ್ಪಿಗೆ. ಎಂಟು ವರ್ಷದ ಮಗುವನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ‘ವಿಡಿಯೊ ಮಾಡೋಣವೇ?’ ಎಂದರೆ ‘ಹೂಂ’ ಎನ್ನುತ್ತದೆ. ಅದು ಅಪ್ಪ ಅಮ್ಮನನ್ನು ಮೆಚ್ಚಿಸುವ ‘ಹೂಂ’. ಹಾಗಾಗಿ ನಾನು ಚಿತ್ರೀಕರಣಕ್ಕೆ ಮೊದಲು ಒಮ್ಮೆ ಕೇಳುತ್ತೇನೆ, ಸಂಕಲನ ಮುಗಿದ ಮಾರನೆಯ ದಿನ ಶೀರ್ಷಿಕೆ, ಥಂಬ್‌ನೇಲ್ ಸಮೇತ ತೋರಿಸಿ ಮತ್ತೆ ಕೇಳುತ್ತೇನೆ. ‘ಬೇಡ’ ಎಂದರೆ ಕಾರಣ ಕೇಳುವಂತಿಲ್ಲ, ಇದು ನಮ್ಮ ಮನೆಯ ಕರಾರು. ಅಳು, ಜ್ವರ, ಸ್ನಾನ, ಬೈಗುಳ, ಅಂಕಪಟ್ಟಿ ಇವುಗಳಿಗೆ ಮಗುವೇ ಒಪ್ಪಿದರೂ ನಾನು ಒಪ್ಪುವುದಿಲ್ಲ, ಏಕೆಂದರೆ ಹದಿನಾಲ್ಕರಲ್ಲಿ ಅದನ್ನು ಗೆಳೆಯರು ನೋಡಿದರೆ ಹೇಗಿರುತ್ತದೆ ಎಂಬುದು ಎಂಟರಲ್ಲಿ ಅದಕ್ಕೆ ತಿಳಿಯದು.

ನಿಮ್ಮ ಅತ್ತೆಯವರನ್ನೂ ಹೀಗೆಯೇ ಕೇಳಿ. ‘ಫೋನಿನಲ್ಲಿ ತೆಗೆಯುತ್ತೇನೆ’ ಎಂದರೆ ಅವರು ಮನೆಯವರಷ್ಟೇ ನೋಡುವ ವಿಡಿಯೊ ಎಂದುಕೊಳ್ಳಬಹುದು. ಹಳೆಯ ವಿಡಿಯೊ ಒಂದರ ಕೆಳಗಿನ ಅಪರಿಚಿತರ ಕಮೆಂಟ್‌ಗಳನ್ನು ಅವರಿಗೆ ಓದಿ ಹೇಳಿ, ಆಮೇಲೆ ಕೇಳಿ. ನನ್ನ ತಾಯಿ ಅದನ್ನು ಕೇಳಿದ ಮೇಲೆ, ಅವರ ಔಷಧಿ, ಆಸ್ಪತ್ರೆಯ ಮಾತು ಬರುವ ಮೂರು ವಿಡಿಯೊಗಳನ್ನು ತೆಗೆಸಿದರು. ಉಳಿದವು ಇರಲಿ, ‘ಆದರೆ ಆ ನೀಲಿ ಸೀರೆಯದು ಮಾತ್ರ ಬೇಡ’ ಎಂದರು.

ಮಗನಿಗೆ ಈಗ ಹದಿಮೂರು. ಹೋದ ತಿಂಗಳು ಬಂದು, ಸ್ಟೂಲು ಮಾಡುವಾಗ ಅವನು ಸುತ್ತಿಗೆ ಬೀಳಿಸಿಕೊಂಡು ಕುಣಿದ ವಿಡಿಯೊ ತೆಗೆ ಎಂದ. ನನ್ನ ಚಾನೆಲ್ಲಿನಲ್ಲಿ ಅತಿ ಹೆಚ್ಚು ಜನ ನೋಡಿದ ಎರಡನೆಯ ವಿಡಿಯೊ ಅದು. ಕುಣಿದ ಭಾಗವನ್ನಷ್ಟೇ ಕತ್ತರಿಸಲೇ ಎಂದು ಚೌಕಾಸಿಗೆ ಇಳಿದೆ. ‘ಕಾರಣ ಕೇಳುವಂತಿಲ್ಲ ಎಂದಿದ್ದೆ, ಚೌಕಾಸಿಯೂ ಅದರಲ್ಲೇ ಸೇರಿತು’ ಎಂದ. ರಾತ್ರಿಯೇ ತೆಗೆದೆ.