ಡೆಮೊ ಚೆನ್ನಾಗಿತ್ತು ಅಂದವರು ಈಗ ಮೇಲ್‌ಗೆ ಉತ್ತರವನ್ನೇ ಕೊಡುತ್ತಿಲ್ಲ

*ನಮಸ್ಕಾರ ಮೇಡಂ. ನಾನು ಹಾಜರಿ ಮತ್ತು ಸಂಬಳದ ಲೆಕ್ಕದ ಸಾಫ್ಟ್‌ವೇರ್ ಮಾರುವ ಕಂಪನಿಯಲ್ಲಿ ಸೇಲ್ಸ್ ಕೆಲಸದಲ್ಲಿದ್ದೇನೆ. ಮೂರು ವಾರದ ಹಿಂದೆ ಒಂದು ಸಂಸ್ಥೆಯ ಎಚ್‌ಆರ್ ಮುಖ್ಯಸ್ಥೆಗೆ ಡೆಮೊ ಕೊಟ್ಟೆ. ಅವರು ತುಂಬಾ ಆಸಕ್ತಿಯಿಂದ ನೋಡಿದರು. ಹಳೆಯ ಲೀವ್ ಬ್ಯಾಲೆನ್ಸ್ ಇದರಲ್ಲಿ ಹೇಗೆ ಬರುತ್ತದೆ ಅಂತ ಎರಡು ಸಲ ಕೇಳಿದರು. "ಚೆನ್ನಾಗಿದೆ, ನಮ್ಮ ಫೈನಾನ್ಸ್ ಹೆಡ್ ಹತ್ತಿರ ಮಾತಾಡಿ ಹೇಳ್ತೀನಿ" ಅಂದರು. ಅವತ್ತೇ ಬ್ರೋಷರ್, ಕೊಟೇಶನ್ ಕಳಿಸಿದೆ. ಆಮೇಲೆ "ಸುಮ್ಮನೆ ಫಾಲೋಅಪ್ ಮಾಡುತ್ತಿದ್ದೇನೆ, ಏನಾಯಿತು ತಿಳಿಸಿ" ಅಂತ ಮೂರು ಮೇಲ್ ಹಾಕಿದ್ದೇನೆ. ಒಂದಕ್ಕೂ ಉತ್ತರವಿಲ್ಲ. ಮೇಲ್ ಓಪನ್ ಆಗಿರುವುದು ನನಗೆ ಕಾಣಿಸುತ್ತಿದೆ. ರಿವ್ಯೂ ಮೀಟಿಂಗ್‌ನಲ್ಲಿ ಮ್ಯಾನೇಜರ್ ದಿನಾ ಕೇಳುತ್ತಾರೆ. ಇನ್ನೊಂದು ಮೇಲ್ ಬರೆಯಲು ಕೂತರೆ ಅಂಗಲಾಚುತ್ತಿದ್ದೇನೆ ಅನ್ನಿಸುತ್ತದೆ. ನಾನೇನಾದರೂ ತಪ್ಪು ಮಾತಾಡಿದೆನಾ? ಏನು ಮಾಡಲಿ?*

ನೀವು ತಪ್ಪು ಮಾತಾಡಿದಂತೆ ನನಗೆ ಕಾಣುವುದಿಲ್ಲ. ಇಷ್ಟವಾಗದವರು ಲೀವ್ ಬ್ಯಾಲೆನ್ಸ್ ಬಗ್ಗೆ ಎರಡೆರಡು ಸಲ ಕೇಳುವುದಿಲ್ಲ. ಅದು ಸುಮ್ಮನೆ ಕುತೂಹಲಕ್ಕೆ ಕೇಳುವ ಪ್ರಶ್ನೆಯೂ ಅಲ್ಲ. ಹೊಸ ಸಿಸ್ಟಮ್ ಬಂದ ಮೊದಲ ತಿಂಗಳು ಯಾರದ್ದೋ ನಾಲ್ಕು ದಿನದ ರಜೆ ಕಾಣೆಯಾದರೆ, ಸಂಬಳ ಕಡಿತವಾದರೆ, ಸಿಬ್ಬಂದಿ ಬಂದು ನಿಲ್ಲುವುದು ಅವರ ಟೇಬಲ್ ಮುಂದೆಯೇ ಅಲ್ವಾ? ಅವರಿಗೆ ಇದ್ದದ್ದು ಆ ಭಯ. ಎರಡನೇ ಸಲವೂ ಕೇಳಿದ್ದಾರೆ ಅಂದರೆ ಮೊದಲ ಸಲದ ನಿಮ್ಮ ಉತ್ತರ ಅವರಿಗೆ ಸಮಾಧಾನ ತಂದಿಲ್ಲ.

ಇನ್ನೊಂದು ವಿಷಯ. ಕೊಳ್ಳುವ ತೀರ್ಮಾನ ಅವರೊಬ್ಬರದ್ದಲ್ಲ. ಡೆಮೊ ನೋಡಿದವರು ಅವರು, ಹಣಕ್ಕೆ ಒಪ್ಪಿಗೆ ಕೊಡಬೇಕಾದವರು ಫೈನಾನ್ಸ್ ಹೆಡ್. ನೀವು ಒಂದು ಗಂಟೆ ತೋರಿಸಿದ್ದನ್ನು ಅವರು ಐದು ನಿಮಿಷದಲ್ಲಿ ಇನ್ನೊಬ್ಬರಿಗೆ ಒಪ್ಪಿಸಬೇಕು. ಬಹಳಷ್ಟು ವ್ಯವಹಾರಗಳು ನಿಲ್ಲುವುದು ಇಲ್ಲೇ. ಆ ಮಾತು ಇನ್ನೂ ಆಡಿರಲಿಕ್ಕಿಲ್ಲ, ಅಥವಾ ಆಡಿದಾಗ ಬಂದ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇದ್ದಿರಲಿಕ್ಕಿಲ್ಲ. ಅಂಥ ಹೊತ್ತಿನಲ್ಲಿ "ಏನಾಯಿತು ತಿಳಿಸಿ" ಅನ್ನುವ ಮೇಲ್ ಬಂದರೆ ಏನಂತ ಬರೆಯುತ್ತಾರೆ? ಹೇಳಲು ಏನೂ ಇಲ್ಲ, ಹಾಗಾಗಿ ನಾಳೆ ಬರೆಯೋಣ ಅಂತ ಬಿಡುತ್ತಾರೆ. ಎರಡನೆಯದು, ಮೂರನೆಯದು ಬಂದಾಗ ಇಷ್ಟು ದಿನ ಉತ್ತರಿಸಿಲ್ಲವಲ್ಲ ಅನ್ನುವ ಮುಜುಗರವೂ ಸೇರಿಕೊಳ್ಳುತ್ತದೆ.

ನಿಮಗೆ ಅಂಗಲಾಚಿದಂತೆ ಅನ್ನಿಸುವುದಕ್ಕೂ ಇದೇ ಕಾರಣ. ಆ ಮೂರು ಮೇಲ್‌ಗಳಲ್ಲಿ ನೀವು ಕೇಳಿದ್ದೀರಿ, ಏನನ್ನೂ ಕೊಟ್ಟಿಲ್ಲ. ನಾಲ್ಕನೆಯದರಲ್ಲಿ ಕೊಡಿ.

ಮೊದಲು ನಿಮ್ಮ ಇಂಪ್ಲಿಮೆಂಟೇಶನ್ ತಂಡದ ಜೊತೆ ಕೂತು ಲೀವ್ ಬ್ಯಾಲೆನ್ಸ್ ನಿಜವಾಗಿ ಹೇಗೆ ಹೊಸ ಸಿಸ್ಟಮ್‌ಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ. ಯಾವ ನಮೂನೆಯಲ್ಲಿ ಎಕ್ಸೆಲ್ ಬೇಕು, ಏರಿಸುವವರು ಯಾರು, ಎಷ್ಟು ದಿನ ಬೇಕು, ತಾಳೆ ನೋಡುವವರು ಯಾರು. ಅವರು ಒಪ್ಪದ ಒಂದು ಮಾತನ್ನೂ ಮೇಲ್‌ನಲ್ಲಿ ಬರೆಯಬೇಡಿ. ಆಮೇಲೆ ಹಳೆಯ ಥ್ರೆಡ್‌ನಲ್ಲೇ ರಿಪ್ಲೈ ಮಾಡಿ, ಕೊಟೇಶನ್ ಅಲ್ಲೇ ಕೆಳಗೆ ಇರುತ್ತದೆ. ಹೀಗೆ ಬರೆಯಬಹುದು:

> ಮೇಡಂ, ನಮಸ್ಕಾರ.
>
> ಹಳೆಯ ಲೀವ್ ಬ್ಯಾಲೆನ್ಸ್ ಬಗ್ಗೆ ಡೆಮೊ ದಿನ ನೀವು ಕೇಳಿದಾಗ ನಾನು ಪೂರ್ತಿ ಉತ್ತರ ಕೊಟ್ಟಿರಲಿಲ್ಲ. ನಮ್ಮ ತಂಡವನ್ನು ಕೇಳಿ ಬರೆಯುತ್ತಿದ್ದೇನೆ.
>
> ನಿಮ್ಮ ಈಗಿನ ಎಕ್ಸೆಲ್ ಕೊಟ್ಟರೆ ಏರಿಸುವ ಕೆಲಸ ನಮ್ಮದು. ಮೊದಲ ತಿಂಗಳು ಹಳೆಯ ಲೆಕ್ಕ, ಹೊಸ ಲೆಕ್ಕ ಎರಡೂ ಜೊತೆಯಲ್ಲೇ ನಡೆಯುತ್ತವೆ. ಎರಡೂ ತಾಳೆಯಾಗಿ ನೀವು ಸರಿ ಅಂದ ಮೇಲೆಯೇ ಹಳೆಯದನ್ನು ನಿಲ್ಲಿಸುವುದು.
>
> ಫೈನಾನ್ಸ್ ಹೆಡ್ ಅವರಿಗೆ ಹಾಗೇ ಫಾರ್ವರ್ಡ್ ಮಾಡಲು ಒಂದು ಪುಟದ ವಿವರ ಲಗತ್ತಿಸಿದ್ದೇನೆ.
>
> ವಿಷಯ ಈಗ ಅವರ ಮುಂದೆ ಇದೆಯೇ, ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೀರಾ? ಒಂದು ಸಾಲು ಸಾಕು.

ಇದರಲ್ಲಿ ಪ್ರಶ್ನೆ ಒಂದೇ ಇದೆ. ಮೀಟಿಂಗ್ ನಡುವೆ ಫೋನ್‌ನಲ್ಲೇ "ಪಕ್ಕಕ್ಕಿಟ್ಟಿದ್ದೇವೆ" ಅಂತ ಬರೆದು ಮುಗಿಸಬಹುದು. "ನಾಳೆ ಬಿಡುವಿದೆಯೇ, ಇನ್ನೊಂದು ಡೆಮೊ ಬೇಕೇ, ಬೆಲೆ ನೋಡಿದಿರಾ" ಅಂತ ಮೂರು ಸೇರಿಸಿದರೆ ಮತ್ತೆ ನಾಳೆಗೆ ಹೋಗುತ್ತದೆ.

ಆ ಒಂದು ಪುಟಕ್ಕೆ ಜಾಸ್ತಿ ಶ್ರಮ ಹಾಕಿ. ಅದು ಬ್ರೋಷರ್ ಆಗಬಾರದು. ಸ್ಕ್ರೀನ್ ಎಷ್ಟು ಚೆಂದ ಇದೆ ಅನ್ನುವುದು ಫೈನಾನ್ಸ್ ಹೆಡ್‌ಗೆ ಬೇಕಿಲ್ಲ. ಮೊದಲ ವರ್ಷ ಅಳವಡಿಕೆ ಸೇರಿ ಒಟ್ಟು ಎಷ್ಟು, ಎರಡನೇ ವರ್ಷದಿಂದ ಎಷ್ಟು, ಒಪ್ಪಂದ ನಿಲ್ಲಿಸಬೇಕಾದರೆ ಎಷ್ಟು ದಿನದ ನೋಟಿಸ್, ನಿಲ್ಲಿಸಿದರೆ ತಮ್ಮ ಡೇಟಾ ಹೇಗೆ ವಾಪಸ್ ಸಿಗುತ್ತದೆ, ಅವರು ನೋಡುವುದು ಇಂಥದ್ದನ್ನು. ಈಗ ಸಂಬಳದ ಲೆಕ್ಕಕ್ಕೆ ತಿಂಗಳಿಗೆ ಎಷ್ಟು ದಿನ ಹೋಗುತ್ತದೆ ಅಂತ ಡೆಮೊದಲ್ಲಿ ಮೇಡಂ ಏನಾದರೂ ಹೇಳಿದ್ದರೆ ಅದನ್ನು ಅವರ ಮಾತಿನಲ್ಲೇ ಹಾಕಿ. ಹೇಳಿರದಿದ್ದರೆ ನೀವಾಗಿ ಒಂದು ಅಂಕಿ ಕಟ್ಟಬೇಡಿ. ಅದು ತಪ್ಪು ಅಂತ ಫೈನಾನ್ಸ್‌ನವರು ಹಿಡಿದರೆ ತಲೆ ತಗ್ಗಿಸಬೇಕಾದವರು ಮೇಡಂ.

ಮೇಲ್ ಓಪನ್ ಆಗಿದೆ ಅನ್ನುವ ಲೆಕ್ಕವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೇಲ್‌ನೊಳಗಿನ ಒಂದು ಚಿಕ್ಕ ಚಿತ್ರ ಲೋಡ್ ಆದರೆ ಟ್ರ್ಯಾಕರ್ ಅದನ್ನು ಓಪನ್ ಅಂತ ಎಣಿಸುತ್ತದೆ. ಆಪಲ್ 2021ರಲ್ಲಿ ತಂದ ಗೌಪ್ಯತೆಯ ಸೌಲಭ್ಯ ಆನ್ ಇದ್ದರೆ, ಯಾರೂ ಓದದಿದ್ದರೂ ಆ ಚಿತ್ರ ಮೊದಲೇ ಲೋಡ್ ಆಗಿರುತ್ತದೆ. ಕಂಪನಿಗಳ ಭದ್ರತಾ ಸಾಫ್ಟ್‌ವೇರ್ ಕೂಡ ಮೇಲ್‌ನೊಳಗಿನ ಚಿತ್ರ, ಲಿಂಕ್‌ಗಳನ್ನು ತಾನೇ ತೆರೆದು ಪರೀಕ್ಷಿಸುವುದುಂಟು. ಹಾಗಾಗಿ ಓದಿಯೂ ಸುಮ್ಮನಿದ್ದಾರೆ ಅಂತ ನೊಂದುಕೊಳ್ಳಲು ಆಧಾರವೇ ಇಲ್ಲ. "ನೀವು ಮೇಲ್ ನೋಡಿದ್ದು ಗೊತ್ತಾಯಿತು" ಅಂತ ಮಾತ್ರ ಯಾವತ್ತೂ ಬರೆಯಬೇಡಿ. ಕದ್ದು ನೋಡುತ್ತಿದ್ದೀರಿ ಅನ್ನಿಸಿದರೆ ಇರುವ ವಿಶ್ವಾಸವೂ ಹೋಗುತ್ತದೆ.

ಮೇಲ್ ಹಾಕಿದ ಎರಡು ದಿನದ ಮೇಲೆ ಒಂದು ಸಲ ಫೋನ್ ಮಾಡಬಹುದು. ಎತ್ತಿದರೆ ಅದೇ ಒಂದು ಪ್ರಶ್ನೆ ಕೇಳಿ. ಎತ್ತದಿದ್ದರೆ ಬಿಡಿ. ಅವರನ್ನು ದಾಟಿ ಫೈನಾನ್ಸ್ ಹೆಡ್‌ಗೆ ನೇರವಾಗಿ ಬರೆಯುವ ಆಸೆ ಬರುತ್ತದೆ, ಅದು ಬೇಡ. ನಿಮ್ಮ ಪರ ಒಳಗೆ ಮಾತಾಡಬಲ್ಲವರು ಸದ್ಯಕ್ಕೆ ಮೇಡಂ ಒಬ್ಬರೇ.

ಒಂದು ವಾರ ಕಳೆದರೂ ಉತ್ತರ ಬರದಿದ್ದರೆ ಇನ್ನೊಂದು ಮೇಲ್, ಆದರೆ ಬೇರೆ ವಿಷಯದ ಮೇಲೆ. ಸಂಬಳದ ಸಿಸ್ಟಮ್ ಬದಲಿಸುವವರು ಆರ್ಥಿಕ ವರ್ಷದ ಆರಂಭಕ್ಕೆ ಕಾಯುವುದು ಮಾಮೂಲಿ. ನಡುವೆ ಬದಲಿಸಿದರೆ ಅಲ್ಲಿಯವರೆಗೆ ಕೊಟ್ಟ ಸಂಬಳ, ಕಡಿತವಾದ ತೆರಿಗೆ ಎಲ್ಲವನ್ನೂ ಪ್ರತಿಯೊಬ್ಬರ ಹೆಸರಿನಲ್ಲಿ ಹೊಸ ಸಿಸ್ಟಮ್‌ಗೆ ತರಬೇಕು. ಅವರ ಮೌನಕ್ಕೆ ಇದೇ ಕಾರಣ ಇದ್ದರೂ ಇರಬಹುದು. "ಹೊಸ ಆರ್ಥಿಕ ವರ್ಷಕ್ಕೆ ಶುರು ಮಾಡುವ ಯೋಚನೆ ಇದ್ದರೆ ತಿಳಿಸಿ, ತಯಾರಿ ಯಾವ ತಿಂಗಳು ಶುರುವಾಗಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ" ಅಂತ ಬರೆಯಿರಿ. ಅಷ್ಟು ದೂರದ ಮಾತಿಗೆ ಹೂಂ ಅನ್ನುವುದು ಅವರಿಗೂ ಸುಲಭ.

ಅದಕ್ಕೂ ಉತ್ತರವಿಲ್ಲದಿದ್ದರೆ ಹತ್ತು ದಿನ ಬಿಟ್ಟು ಕೊನೆಯ ಮೇಲ್. "ಈಗ ಬೇಡ ಅಂತ ತೀರ್ಮಾನವಾಗಿದ್ದರೆ ಹಾಗೆಂದೇ ಬರೆಯಿರಿ, ನನಗೆ ಬೇಸರವಿಲ್ಲ. ಏನೂ ತಿಳಿಯದಿದ್ದರೆ ನಾನಾಗಿ ಮತ್ತೆ ಬರೆಯುವುದಿಲ್ಲ." ಬೇಡ ಅನ್ನಲು ಮುಜುಗರಪಡುವ ಎಷ್ಟೋ ಜನ ಇದಕ್ಕೆ ಉತ್ತರಿಸುತ್ತಾರೆ. ಕೆಲವರು "ಇಲ್ಲ, ಬಿಡಬೇಡಿ, ಬಜೆಟ್‌ಗೆ ಕಾಯ್ತಾ ಇದ್ದೇವೆ" ಅನ್ನುವುದೂ ಉಂಟು. ರಿಯಾಯಿತಿ ಶುಕ್ರವಾರಕ್ಕೆ ಮುಗಿಯುತ್ತದೆ ಅನ್ನುವ ಸುಳ್ಳು ಗಡುವನ್ನು ಮಾತ್ರ ಸೇರಿಸಬೇಡಿ. ಬರೆಯುವುದಿಲ್ಲ ಅಂದ ಮೇಲೆ ನಿಜವಾಗಿಯೂ ನಿಲ್ಲಿಸಿ.

ಮ್ಯಾನೇಜರ್‌ಗೆ ನಾಳೆಯೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ: ಮುಂದಿನ ಹೆಜ್ಜೆಗೆ ದಿನಾಂಕ ಸಿಕ್ಕಿಲ್ಲ, ಹಾಗಾಗಿ ಈ ತಿಂಗಳ ಲೆಕ್ಕದಲ್ಲಿ ಇದನ್ನು ಹಿಡಿಯಬೇಡಿ, ಇಂಥ ದಿನ ಕೊನೆಯ ಮೇಲ್ ಹೋಗುತ್ತದೆ ಅಂತ. ದಿನಾಂಕ ಹಾಕಿ ಹೇಳಿದರೆ ದಿನಾ ಕೇಳುವುದು ಕಡಿಮೆಯಾಗುತ್ತದೆ. ಮುಂದಿನ ಡೆಮೊದಲ್ಲಿ ಕೊನೆಯ ಹತ್ತು ನಿಮಿಷ ಸ್ಕ್ರೀನ್ ಮುಚ್ಚಿ. ಒಪ್ಪಿಗೆ ಯಾರದ್ದು, ಅವರು ಏನು ಕೇಳಬಹುದು ಅಂತ ವಿಚಾರಿಸಿ, ಮತ್ತೆ ಮಾತಾಡುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಹಾಕಿಸಿಕೊಂಡೇ ಕಾಲ್ ಮುಗಿಸಿ.